ಶೀತದ ಪ್ರಕಟಣೆಯೂ ಮೈಕಣ್ಣನ ಮೂಗೂ

ಮೈಕಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಮತದಾರರ ಪಟ್ಟಿಯಲ್ಲಿ ಸುಖವಾಗಿ ಮಲಗಿತ್ತು. ಅದನ್ನು ಎಬ್ಬಿಸುವ ಪ್ರಸಂಗ ಯಾರಿಗೂ ಬರುತ್ತಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಮೈಕ್ ಸೆಟ್ ಅಂಗಡಿ, ಅಂಗಡಿಯ ಮೇಲೆ ಮನೆ, ಮನೆಗೊಂದು ಪುಟ್ಟ ಬಾಲ್ಕನಿ. ಕೆಳಗೆ ನಿಂತಿರುವ ಹಳೆಯ ವ್ಯಾನಿನ ನೆತ್ತಿಯ ಮೇಲೆ ನಾಲ್ಕು ದಿಕ್ಕಿಗೆ ಬಾಯಿ ತೆರೆದ ನಾಲ್ಕು ಸ್ಪೀಕರು. ಊರಿನಲ್ಲಿ ಯಾರೇ ಹುಟ್ಟಲಿ, ಸಾಯಲಿ, ನೀರು ನಿಲ್ಲಲಿ, ಸೀರೆಗೆ ರಿಯಾಯಿತಿ ಬರಲಿ, ಅದು ಮೈಕಣ್ಣನ ಗಂಟಲಿನಿಂದ ಹಾದು ಬರದೆ ಸುದ್ದಿ ಅನ್ನಿಸಿಕೊಳ್ಳುತ್ತಿರಲಿಲ್ಲ.

ಆ ಗಂಟಲಿನಲ್ಲಿ ಎರಡು ಕಂಠಗಳು ವಾಸವಾಗಿದ್ದವು. ಒಂದು ಮಂಗಳ ಕಂಠ. ಮದುವೆ, ಅಂಗಡಿಯ ಉದ್ಘಾಟನೆ, ಸರ್ಕಸ್ಸು ಇವಕ್ಕೆ ಅದು ಎದ್ದು ಬರುತ್ತಿತ್ತು. ಕೇಳಿದವರಿಗೆ ಬೇಡದಿದ್ದರೂ ಬಕೆಟ್ಟು ಕೊಳ್ಳುವ ಆಸೆಯಾಗುತ್ತಿತ್ತು. ಇನ್ನೊಂದು ಶೋಕ ಕಂಠ. ಹೊಟ್ಟೆಯ ತಳದಿಂದ ಹೊರಟು, ಎದೆಯಲ್ಲಿ ಸ್ವಲ್ಪ ಹೊತ್ತು ಕೂತು, ಪ್ರತಿ ಮಾತಿನ ಕೊನೆಯಲ್ಲೂ ನಿಟ್ಟುಸಿರೊಂದನ್ನು ಕಟ್ಟಿಕೊಂಡು ಬರುವ ಕಂಠ. ಆ ಕಂಠದಲ್ಲಿ ತಮ್ಮ ಸಾವನ್ನು ಸಾರಿಸಿಕೊಳ್ಳಲಿಕ್ಕಾಗಿಯೇ ಊರಿನ ಕೆಲವು ಮುದುಕರು ತಾವು ಹೋಗುವ ಮುಂಚೆ ಮೈಕಣ್ಣ ಹೋಗದಿರಲಿ ಎಂದು ಹಾರೈಸುತ್ತಿದ್ದರಂತೆ. ಈ ಎರಡರ ನಡುವೆ ಮನುಷ್ಯರು ಮಾತಾಡುವ ಮೂರನೆಯ ಕಂಠವೊಂದು ಇರುತ್ತದೆ ಎನ್ನುವುದು ಮೈಕಣ್ಣನಿಗೆ ಗೊತ್ತಿರಲಿಲ್ಲ. ಉಪ್ಪು ಕೇಳಬೇಕಾದರೂ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತಿದ್ದ.

ಇಂಥ ಮಹಾಕಂಠಕ್ಕೆ ಜೀವನದಲ್ಲಿ ದಕ್ಕದೆ ಉಳಿದ ಸಿಂಹಾಸನ ಒಂದೇ ಒಂದು. ಊರಿನ ದೊಡ್ಡ ಉತ್ಸವದ ಆರಂಭದ ಮಾತು. ವರ್ಷಕ್ಕೊಮ್ಮೆ ನದಿ ದಂಡೆಯ ಮೈದಾನದಲ್ಲಿ ಸುತ್ತಲ ಊರುಗಳ ಜನವೆಲ್ಲ ಜಮಾಯಿಸುತ್ತಿದ್ದರು. ಸಂಜೆ ದೀಪಗಳನ್ನೆಲ್ಲ ಆರಿಸಿ, ಕತ್ತಲಲ್ಲಿ ಒಂದು ಧ್ವನಿ ಜನರನ್ನು ಸ್ವಾಗತಿಸುತ್ತಿತ್ತು. ಆ ಮಾತು ಮುಗಿದೊಡನೆ ಇಡೀ ಮೈದಾನದ ದೀಪ ಒಟ್ಟಿಗೆ ಹತ್ತುತ್ತಿತ್ತು. ವರ್ಷಾನುಗಟ್ಟಲೆ ಮೈಕಣ್ಣ ಅಲ್ಲಿ ವೈರು ಎಳೆದಿದ್ದ, ಕಳೆದುಹೋದ ಮಕ್ಕಳ ಅಂಗಿಯ ಬಣ್ಣ ಸಾರಿದ್ದ, ಅಡ್ಡ ನಿಲ್ಲಿಸಿದ ಸ್ಕೂಟರುಗಳ ಮಾಲೀಕರನ್ನು ಕರೆದಿದ್ದ. ಆರಂಭದ ಮಾತು ಮಾತ್ರ ಸಮಿತಿಯ ಯಾರೋ ದೊಡ್ಡ ಮನುಷ್ಯರ ಪಾಲಾಗುತ್ತಿತ್ತು. ಅವರು ಮೈಕನ್ನು ಐಸ್‌ಕ್ರೀಮಿನ ಹಾಗೆ ಹಿಡಿದು ಕೀರಲು ದನಿಯಲ್ಲಿ ಒದರುವಾಗ ಮೈಕಣ್ಣ ಸ್ಟೇಜಿನ ಹಿಂದೆ ಹಲ್ಲು ಕಡಿಯುತ್ತಿದ್ದ.

ಈ ವರ್ಷ ಸಮಿತಿಯ ಕಾರ್ಯದರ್ಶಿ ಖುದ್ದು ಅಂಗಡಿಗೆ ಬಂದು, "ಮೈಕಣ್ಣ, ಈ ಸಲ ನೀನೇ ಶುರು ಮಾಡಪ್ಪಾ" ಎಂದುಬಿಟ್ಟ. ಮೈಕಣ್ಣ ಕೂತಿದ್ದ ಸ್ಟೂಲು ಅಂದಿನಿಂದ ಸ್ವಲ್ಪ ಎತ್ತರವಾಯಿತು. ಬೆಳಗ್ಗೆ ಹಲ್ಲುಜ್ಜುವಾಗ, ಸ್ನಾನದಲ್ಲಿ, ಊಟದ ತಟ್ಟೆಯ ಮುಂದೆ, ಎಲ್ಲೆಲ್ಲೂ ಅಭ್ಯಾಸ. "ಮಹಾಜನಗಳೇ..." ಎಂದು ಶುರುವಾದರೆ ಹೆಂಡತಿ ಸೌಟು ಹಿಡಿದು ಅಡುಗೆಮನೆಯಿಂದ ಬರುತ್ತಿದ್ದಳು.

"ಮಹಾಜನ ಇಲ್ಲಿ ನಾನೊಬ್ಳೇ ಇರೋದು. ಸಾರು ಆರ್ತಿದೆ. ಮೊದ್ಲು ಊಟ ಮಾಡಿ."

"ನಿಂಗೆ ಕಲೆ ಅಂದ್ರೇನು ಗೊತ್ತೇನೇ?"

"ಗೊತ್ತು. ಶರ್ಟಿನ ಮೇಲೆ ಬೀಳತ್ತೆ, ನಾನು ಉಜ್ತೀನಿ."

ಉತ್ಸವಕ್ಕೆ ಇನ್ನೂ ಕೆಲವು ದಿನವಿರುವಾಗ ಸರ್ಕಾರಿ ಆಸ್ಪತ್ರೆಯ ಸಿಸ್ಟರ್ ಅಂಗಡಿಗೆ ಬಂದರು. ಸಣ್ಣ ಆಳು, ದೊಡ್ಡ ಕೈಚೀಲ, ಯಾವಾಗಲೂ ಮುಂದಿನ ಕೆಲಸಕ್ಕೆ ತಡವಾದವರ ನಡಿಗೆ. ಊರಲ್ಲಿ ಶೀತ, ಕೆಮ್ಮು, ಜ್ವರ ಒಟ್ಟಿಗೆ ಎದ್ದಿದ್ದವು. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂರಲು ಜಾಗವಿಲ್ಲದಷ್ಟು ಮೂಗುಗಳು ಸೋರುತ್ತಿದ್ದವು. ಇವರೆಲ್ಲ ಮೈದಾನಕ್ಕೆ ಹೋಗಿ ಭುಜಕ್ಕೆ ಭುಜ ತಾಗಿಸಿ ನಿಂತರೆ ಮುಂದಿನ ವಾರ ಅದೇ ಬೆಂಚಿನಲ್ಲಿ ಮೂರು ಪಟ್ಟು ಜನ.

"ಅಣ್ಣಾ, ಇದನ್ನ ವ್ಯಾನಲ್ಲಿ ಊರೆಲ್ಲ ಹೇಳಿ. ಇದ್ದದ್ದು ಇದ್ದ ಹಾಗೇ ಹೇಳಿದ್ರೆ ಸಾಕು. ಪಕ್ಕದ ಮನೆಯವರಿಗೆ ಹೇಳೋ ಹಾಗೆ" ಎಂದು ಸಿಸ್ಟರ್ ಹಾಳೆ ಕೊಟ್ಟರು.

ಅದರಲ್ಲಿದ್ದ ಮಾತು ಸರಳವಾಗಿತ್ತು. ಶೀತ, ಕೆಮ್ಮು, ಜ್ವರ ಇದ್ದವರು ಈ ಸಲ ಜನಸಂದಣಿಗೆ ಬರದೆ ಮನೆಯಲ್ಲೇ ವಿಶ್ರಾಂತಿ ತೆಗೆದುಕೊಂಡರೆ ಒಳ್ಳೆಯದು. ಮಾತ್ರೆ ಇಲ್ಲದೆಯೂ ಒಂದು ಇಡೀ ದಿನ ಜ್ವರ ಬಾರದೆ, ಮೈ ಹಗುರಾದ ಮೇಲೆ ಹೊರಗೆ ಹೊರಡಬಹುದು. ಬರಲೇಬೇಕಾದ ಸಂದರ್ಭವಿದ್ದರೆ ಮೂಗು ಬಾಯಿ ಎರಡೂ ಮುಚ್ಚುವ ಮಾಸ್ಕ್ ಹಾಕಿಕೊಳ್ಳಿ, ಗುಂಪಿನ ಅಂಚಿನಲ್ಲಿ ಗಾಳಿಯಾಡುವ ಕಡೆ ಇರಿ, ಬೇಗ ಹೊರಡಿ. ಕೆಮ್ಮು ಸೀನು ಬಂದರೆ ಅಂಗೈಗಲ್ಲ, ಮೊಣಕೈ ಮಡಿಕೆಗೆ. ಕೈಗೆ ಸೋಪು. ಒಬ್ಬರು ಕುಡಿದ ಲೋಟ ಇನ್ನೊಬ್ಬರಿಗೆ ಬೇಡ. ಹಸುಗೂಸು, ಬಸುರಿ, ವಯಸ್ಸಾದವರು, ಉಬ್ಬಸದವರಿಂದ ದೂರ. ಉಸಿರಾಡಲು ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ.

ಮೈಕಣ್ಣ ಓದಿದ. ಮತ್ತೊಮ್ಮೆ ಓದಿದ. ಅವನ ಕಲಾಹೃದಯಕ್ಕೆ ಇದು ಉಪ್ಪಿಲ್ಲದ ಅಡುಗೆಯಾಗಿ ಕಂಡಿತು. "ಒಳ್ಳೆಯದು" ಅಂದರೆ ಯಾರು ಕೇಳುತ್ತಾರೆ? "ಹೊರಡಬಹುದು" ಅಂದರೆ ಯಾರು ಹೆದರುತ್ತಾರೆ? ಇನ್ನು ಕಂಠದ ಪ್ರಶ್ನೆ. ರೋಗದ ವಿಷಯಕ್ಕೆ ಮಂಗಳ ಕಂಠ ಹಾಕಿದರೆ ಶೀತಕ್ಕೆ ರಿಯಾಯಿತಿ ಇದೆ ಎಂದುಕೊಂಡಾರು. ಉಳಿದಿದ್ದು ಇನ್ನೊಂದೇ. ಅಂಗಡಿಯ ಬಾಗಿಲು ಮುಚ್ಚಿ, ಫ್ಯಾನು ಆರಿಸಿ, ಹೊಟ್ಟೆಯ ತಳಕ್ಕೆ ಇಳಿದು, ಮೈಕಣ್ಣ ರೆಕಾರ್ಡು ಮಾಡಿದ.

"ಎಚ್ಚರ... ಎಚ್ಚರ... ಮಹಾಜನಗಳೇ! ನಿಮ್ಮ ಮನೆಯ ಬಾಗಿಲಲ್ಲೇ ನಿಂತಿದೆ... ಶೀತ! ಒಂದೇ ಒಂದು ಸೀನು... ಒಂದು ಇಡೀ ಕುಟುಂಬ..." ಇಲ್ಲಿ ನಿಟ್ಟುಸಿರು. "ಕೆಮ್ಮುವವರು ಮೈದಾನದತ್ತ ಸುಳಿಯಲೇಬಾರದು... ನಿಮ್ಮ ಮೇಲೆ ಕಣ್ಣಿದೆ!"

ವ್ಯಾನು ಹೊರಟಿತು. ಮೊದಲ ತಿರುವಿನಲ್ಲೇ ಶೋಕ ಕಂಠ ಕೇಳಿದ ಒಬ್ಬಾಕೆ ನಲ್ಲಿಯ ಕೆಳಗೆ ಬಿಂದಿಗೆ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು, "ಯಾರಂತೆ? ಯಾರು ಹೋದ್ರಂತೆ?" ಎಂದು ಓಡಿಬಂದಳು. ಶೀತ ಎಂದು ಗೊತ್ತಾದ ಮೇಲೆ ಅವಳ ಭಯ ಕಮ್ಮಿಯಾಗಲಿಲ್ಲ, ಜಾಸ್ತಿಯಾಯಿತು. ಮೈಕಣ್ಣ ಕನ್ನಡಿಯಲ್ಲಿ ಅವಳ ಮುಖ ನೋಡಿ ತೃಪ್ತನಾದ. ಪ್ರಕಟಣೆ ಅಂದರೆ ಹೀಗಿರಬೇಕು!

ಮರುದಿನದಿಂದ ಊರಿನಲ್ಲಿ ಶೀತ ಮಾಯವಾಯಿತು.

ಮಾಯ ಎಂದರೆ ಕಣ್ಣಿಗೆ ಮಾತ್ರ. ಜನ ಮೂಗನ್ನು ಒಳಕ್ಕೇ ಎಳೆದುಕೊಂಡು ಓಡಾಡಿದರು. ಕೆಮ್ಮು ಬಂದರೆ ನಗು ಬಂದವರ ಹಾಗೆ ನಟಿಸಿದರು. ಮೈಕಣ್ಣನ ಎದುರು ಮನೆಯ, ಬೀದಿಯೆಲ್ಲ ಭಾವ ಎಂದೇ ಕರೆಯುವ ಟೈಲರನದಂತೂ ಮಹಾ ಉಪಾಯ: ಕೆಮ್ಮು ಬಂತೆಂದರೆ ಬಟ್ಟೆಯಿಲ್ಲದ ಮೆಷಿನ್ನನ್ನೇ ಧಡಧಡ ತುಳಿಯುವುದು. ಆ ವಾರ ಅವನು ಏನೂ ಹೊಲಿಯದೆ ಊರಲ್ಲೇ ಹೆಚ್ಚು ದುಡಿದ ಮನುಷ್ಯನಂತೆ ಕೇಳಿಸಿದ. ಔಷಧಿ ಅಂಗಡಿಯಲ್ಲಿ ಶೀತದ ಮಾತ್ರೆ ಖಾಲಿಯಾಗುತ್ತ ಬಂತು. ಕೊಂಡವರೆಲ್ಲ "ನಂಗಲ್ಲಪ್ಪಾ, ನಮ್ಮ ಭಾವಮೈದುನನಿಗೆ" ಎನ್ನುವವರೇ. ಊರಿನ ಭಾವಮೈದುನರೆಲ್ಲ ಒಟ್ಟಿಗೆ ಹಾಸಿಗೆ ಹಿಡಿದಂತಾಯಿತು.

ಸಿಸ್ಟರ್ ಅಂಗಡಿಗೆ ಬಂದಾಗ ಕೈಚೀಲವನ್ನು ಮೇಜಿನ ಮೇಲೆ ಇಡಲಿಲ್ಲ, ಕುಕ್ಕಿದರು.

"ಅಣ್ಣಾ, ನನ್ನ ಬೆಂಚು ಖಾಲಿ."

"ನೋಡಿದ್ರಾ ಸಿಸ್ಟರ್! ನನ್ನ ಧ್ವನಿಗೇ ಓಡಿಹೋಯ್ತು."

"ಶೀತ ಓಡಿಲ್ಲ. ಜನ ಓಡಿದ್ರು. ಮೈದಾನದ ಬಾಗಿಲಲ್ಲಿ ಹಿಡ್ಕೋತಾರೆ ಅಂತ ಒಳಗೊಳಗೇ ಮುಚ್ಕೊಂಡಿದಾರೆ. ಮಾತ್ರೆ ನುಂಗಿದ್ರೆ ಜ್ವರ ಇಳಿಯತ್ತೆ, ಮೂಗು ಒಣಗತ್ತೆ, ಆಯ್ತಲ್ಲ ಅಂತ ಗುಂಪಿಗೆ ನುಗ್ತಾರೆ. ಒಳಗಿರೋ ಸೋಂಕು ಎಲ್ಲಿ ಹೋಗತ್ತೆ? ಪಕ್ಕದವರಿಗೆ ಹೋಗತ್ತೆ. ಮಾಸ್ಕ್ ಹಾಕಿದ್ರೆ ಶೀತ ಇದೆ ಅಂತ ಗೊತ್ತಾಗತ್ತಲ್ಲ, ಅದಕ್ಕೆ ಅದನ್ನೂ ಹಾಕಲ್ಲ. ನಿಮ್ಮ ಮೇಲೆ ಕಣ್ಣಿದೆ ಅಂತ ನಾನು ಎಲ್ಲಿ ಬರ್ದಿದ್ದೆ?"

"ಅದು... ಸ್ವಲ್ಪ ಒಗ್ಗರಣೆ."

"ಶೀತ ಬಂದೋರು ಕಳ್ಳರಲ್ಲ ಅಣ್ಣಾ" ಎಂದು ಸಿಸ್ಟರ್ ಹೊರಟುಹೋದರು. ಬೈದಿದ್ದರೆ ಮೈಕಣ್ಣ ಸಹಿಸುತ್ತಿದ್ದ. ಬೇಸರ ಮಾಡಿಕೊಂಡು ಹೋದದ್ದು ಗಂಟಲಲ್ಲಿ ಸಿಕ್ಕಿಕೊಂಡಿತು.

ಗಂಟಲಲ್ಲಿ ಸಿಕ್ಕಿಕೊಂಡದ್ದು ಅದೊಂದೇ ಅಲ್ಲ ಎನ್ನುವುದು ಮಾರನೆಯ ಬೆಳಗ್ಗೆ ತಿಳಿಯಿತು. ಎದ್ದು "ಮಹಾಜನಗಳೇ" ಎಂದರೆ ತುಕ್ಕು ಹಿಡಿದ ಬಾಗಿಲಿನ ಶಬ್ದ. ಮೂಗಿನ ಒಂದು ಕಡೆ ರಸ್ತೆ ಬಂದ್. ಉತ್ಸವ ನಾಳೆ! ಮೈಕಣ್ಣ ಹೆಂಡತಿಗೆ ಕಾಣದಂತೆ ಬಚ್ಚಲಿಗೆ ಹೋಗಿ, ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು ಸೀನಿದ. ಅಂಗಡಿಗೆ ಇಳಿದು, ಔಷಧಿ ಅಂಗಡಿಗೆ ಹೋಗಿ, "ನಮ್ಮ ಭಾವಮೈದುನನಿಗೆ" ಎಂದ. ಅಂಗಡಿಯವನು ಉಳಿದಿದ್ದ ಕೊನೆಯ ಮಾತ್ರೆಪಟ್ಟಿ ಕೊಟ್ಟ. ಮೈಕಣ್ಣನಿಗೆ ಭಾವಮೈದುನ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಮಧ್ಯಾಹ್ನ ಮೈದಾನದಲ್ಲಿ ತಾಲೀಮು. ಸ್ಟೇಜಿನ ಒಂದು ಮೂಲೆಗೆ ತಗಡು ಬಡಿದು ಮಾಡಿದ ಗೂಡೇ ಪ್ರಕಟಣೆಯ ಜಾಗ. ಇಬ್ಬರು ನಿಂತರೆ ಮೂರನೆಯವರ ಉಸಿರಿಗೆ ಜಾಗವಿಲ್ಲ. ಮೈಕಣ್ಣನ ಮಾತು ಮುಗಿದೊಡನೆ ಅದೇ ಗೂಡಿನಲ್ಲಿ, ಅದೇ ಮೈಕಿನಲ್ಲಿ ಹಾಡಿನ ಟೀಚರಮ್ಮ ಹಾಡಬೇಕು. ಊರಿನ ಅರ್ಧ ಜನಕ್ಕೆ ಶಾಲೆಯಲ್ಲಿ ಹಾಡು ಕಲಿಸಿದ ಮುದುಕಿ. ಉಬ್ಬಸ ಜೋರಾದ ಮೇಲೆ ಹಾಡುವುದೇ ಕಮ್ಮಿ ಮಾಡಿದ್ದರು. ಈ ಉತ್ಸವಕ್ಕೆಂದು ಉಸಿರನ್ನು ಕೂಡಿಟ್ಟುಕೊಂಡಿದ್ದರು.

ಮೈಕಣ್ಣ ಗೂಡಿನಲ್ಲಿ ಒಬ್ಬನೇ ನಿಂತು ವೈರು ಜೋಡಿಸುತ್ತಿದ್ದಾಗ ಟೀಚರಮ್ಮ ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದರು. ಉಬ್ಬಸಕ್ಕೆ ಸೇದುವ ಔಷಧಿಯ ಪಂಪು ಕೈಯಲ್ಲೇ ಇತ್ತು. ಹಿಂದಿನಿಂದ ಕಾರ್ಯದರ್ಶಿ.

"ಕೊಡೋ ಮೈಕು, ನನ್ನ ಎತ್ತರಕ್ಕೆ ನೋಡ್ತೀನಿ" ಎಂದು ಟೀಚರಮ್ಮ ಕೈ ಚಾಚಿ ಗೂಡಿನೊಳಕ್ಕೆ ಕಾಲಿಡಹೊರಟರು.

ಮೈಕಣ್ಣ ಮೈಕನ್ನು ಎದೆಗೆ ಅವಚಿಕೊಂಡು ಹಿಂದಕ್ಕೆ ಸರಿದ. ತಗಡು ಢಬ್ ಎಂದಿತು.

"ಬೇಡ ಟೀಚರಮ್ಮ. ಒಳಗೆ ಬರಬೇಡಿ."

"ಯಾಕೋ? ಈಗ ದೊಡ್ಡೋನಾದ್ಯಾ? ನಾನು ಮುಟ್ಟಿದ್ರೆ ಸವೆಯತ್ತಾ?" ಮುದುಕಿಯ ಮುಖ ಸಣ್ಣದಾಯಿತು. ಮೈಕಣ್ಣ ಅವರ ಕೈಯಲ್ಲಿದ್ದ ಪಂಪನ್ನು ನೋಡಿದ, ಅವರ ಕುತ್ತಿಗೆಯ ಬುಡದಲ್ಲಿ ಪ್ರತಿ ಉಸಿರಿಗೂ ಒಳಕ್ಕೆ ಹೋಗುವ ಗುಳಿಯನ್ನು ನೋಡಿದ. ಮಾತ್ರೆಯಿಂದ ಮೂಗು ಒಣಗಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಳೆ ಸಂಜೆ ಕತ್ತಲಲ್ಲಿ ಅವನ ಧ್ವನಿಗೆ ಇಡೀ ಮೈದಾನ ಬೆಳಗುತ್ತಿತ್ತು.

"ನಂಗೆ ಶೀತ ಟೀಚರಮ್ಮ" ಎಂದ.

ಕೈಯಲ್ಲಿದ್ದ ಮೈಕು ಚಾಲೂ ಇತ್ತು. ನಂಗೆ ಶೀತ ಟೀಚರಮ್ಮ ಎನ್ನುವುದು ನಾಲ್ಕು ದಿಕ್ಕಿಗೂ ಹೋಯಿತು. ಕಂಬ ಹುಗಿಯುತ್ತಿದ್ದವರು, ಪರದೆ ಕಟ್ಟುತ್ತಿದ್ದವರು ಎಲ್ಲ ತಿರುಗಿ ನೋಡಿದರು.

ಕಾರ್ಯದರ್ಶಿ ಮೆಟ್ಟಿಲಿನಿಂದಲೇ ಪಿಸುಗುಟ್ಟಿದ. "ಶ್! ಏನಪ್ಪಾ ನೀನು! ಒಂದು ಮಾತ್ರೆ ನುಂಗಿದ್ರಾಯ್ತಲ್ಲ? ಎರಡು ನಿಮಿಷದ ಮಾತು. ಯಾರಿಗೆ ಗೊತ್ತಾಗತ್ತೆ?"

"ಅವರ ಎದೆಗೆ ಗೊತ್ತಾಗತ್ತೆ ಸಾರ್."

ಟೀಚರಮ್ಮ ಕೈ ಹಿಂದಕ್ಕೆಳೆದುಕೊಂಡರು. ಎರಡು ಹೆಜ್ಜೆ ಹಿಂದೆ ಸರಿದು, ಸ್ಟೇಜಿನ ಬಯಲಿಗೆ ಬಂದು ನಿಂತು, "ಇದನ್ನ ಮೊದ್ಲೇ ಹೇಳೋಕೆ ಏನಾಗಿತ್ತೋ ಕತ್ತೆ?" ಎಂದರು. ಬೈಗುಳದಲ್ಲಿ ಸಿಟ್ಟಿರಲಿಲ್ಲ.

"ನಾಚಿಕೆ ಆಯ್ತು. ನಾನೇ ಊರಿಗೆಲ್ಲ ಹಾಗೆ ಸಾರಿದೀನಲ್ಲ."

"ಕೇಳ್ದೆ. ನಾನು ಯಾರೋ ಸತ್ರು ಅಂತ ಸೀರೆ ಬದಲಾಯಿಸ್ಕೊಂಡು ಹೊರಟಿದ್ದೆ."

ಮೈಕಣ್ಣ ಆ ಮೈಕನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಟೀಚರಮ್ಮನಿಗೆ ಪೆಟ್ಟಿಗೆಯಿಂದ ಬೇರೆ ಮೈಕು ತೆಗೆಸಿ, ಗೂಡಿನ ಬದಲು ಗಾಳಿಯಾಡುವ ಸ್ಟೇಜಿನ ನಡುವೆ ನಿಲ್ಲಿಸಲು ಹೇಳಿ, ಮೆಟ್ಟಿಲಿಳಿದ. ಇಳಿಯುವಾಗ ಒಂದು ಸಿಂಹಾಸನ ಹಿಂದೆ ಉಳಿದದ್ದು ಅವನಿಗೆ ಬೆನ್ನಿನಲ್ಲಿ ಗೊತ್ತಾಗುತ್ತಿತ್ತು. ತಿರುಗಿ ನೋಡಲಿಲ್ಲ. ವ್ಯಾನು ಹತ್ತಿ, ಗಾಜು ಏರಿಸಿ, ಶೋಕ ಕಂಠದ ರೆಕಾರ್ಡು ಅಳಿಸಿಹಾಕಿದ. ಆಮೇಲೆ ಗಾಡಿಯನ್ನು ನಿಧಾನಕ್ಕೆ ಓಡಿಸುತ್ತ, ಒಬ್ಬನೇ ಕೂತು, ಸೀದಾ ಮೈಕಿನಲ್ಲಿ ಮಾತಾಡಿದ. ಮಂಗಳ ಕಂಠವೂ ಬರಲಿಲ್ಲ, ಶೋಕ ಕಂಠವೂ ಬರಲಿಲ್ಲ. ಎರಡೂ ಕಫದಲ್ಲಿ ಮುಳುಗಿದ್ದವು. ಬಂದದ್ದು ಒಂದು ಕಟ್ಟಿದ ಮೂಗಿನ ಮಾತು.

"ಎಲ್ರಿಗೂ ನಮಸ್ಕಾರ. ನಾನು ಮೈಕಣ್ಣ. ಹೌದು, ನಾನೇ, ಶೀತ ಆಗಿದೆ. ನಾಳೆ ಉತ್ಸವಕ್ಕೆ ಶುರುವಿನ ಮಾತು ನಾನು ಆಡ್ಬೇಕಿತ್ತು. ಆಡಲ್ಲ, ಮನೇಲಿರ್ತೀನಿ. ನಿಮಗೂ ಶೀತ ಇದ್ರೆ ನನ್ನ ಹಾಗೇ ಮನೇಲಿರಿ, ಸಾಧ್ಯ ಆದ್ರೆ. ಯಾರೂ ಹಿಡ್ಯಲ್ಲ, ಬಯ್ಯಲ್ಲ. ಕಣ್ಣಿದೆ ಅಂದಿದ್ದು ಸುಳ್ಳು, ನಾನೇ ಸೇರಿಸಿದ್ದು. ಬರಲೇಬೇಕು ಅನ್ನೋರು ಮಾಸ್ಕ್ ಹಾಕ್ಕೊಳ್ಳಿ, ಮೂಗಿನ ಮೇಲೂ ಬರ್ಲಿ, ಗಡ್ಡಕ್ಕಲ್ಲ ಅದು. ಅಂಚಲ್ಲಿ ನಿಂತ್ಕೊಳ್ಳಿ. ಮೊಣಕೈಗೆ ಕೆಮ್ಮಿ. ಕೈ ಸೋಪಲ್ಲಿ ತೊಳೀರಿ. ಮಗು, ಬಸುರಿ, ವಯಸ್ಸಾದೋರು, ಉಬ್ಬಸ ಇರೋರ ಹತ್ರ ಹೋಗ್ಬೇಡಿ. ಮಾತ್ರೆ ತಗೊಂಡು ಮೂಗು ನಿಂತ್ರೆ ಶೀತ ಹೋಯ್ತು ಅಂತ ಅಲ್ಲ. ನಾನೂ ಹಾಗೇ ಅಂದ್ಕೊಂಡಿದ್ದೆ. ಉಸಿರು ಕಷ್ಟ ಆದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮಾಸ್ಕು ಸಿಸ್ಟರ್ ಹತ್ರ ಇದೆ. ಹಾ... ಒಂದ್ನಿಮಿಷ..."

ಇಲ್ಲಿ ಬಂದ ಸೀನು ನಾಲ್ಕು ಸ್ಪೀಕರಿನಲ್ಲೂ ಸಿಡಿಯಿತು. ನಲ್ಲಿಯ ಹತ್ತಿರದ ಹೆಂಗಸರು ಗೊಳ್ಳೆಂದು ನಕ್ಕರು. ಒಬ್ಬಳು, "ಮೊಣಕೈಗೆ ಸೀನಿದ್ಯೇನಣ್ಣಾ?" ಎಂದು ಕೂಗಿದಳು. "ಹೌದಮ್ಮಾ, ಒಂದೇ ಕೈಲಿ ಗಾಡಿ ಓಡಿಸ್ತಿದೀನಿ" ಎಂದು ಸ್ಪೀಕರು ಉತ್ತರ ಕೊಟ್ಟಿತು. ಸಂಜೆಯ ಹೊತ್ತಿಗೆ ಸಿಸ್ಟರ್ ಅವರ ಬೆಂಚಿನಲ್ಲಿ ಮತ್ತೆ ಜನ ಕೂತಿದ್ದರು, ಭಾವಮೈದುನರ ನೆಪವಿಲ್ಲದೆ.

ಉತ್ಸವದ ದಿನ ಮೈಕಣ್ಣನಿಗೆ ಜ್ವರವೂ ಬಂತು. ಹೆಂಡತಿ ಹಾಸಿಗೆಯನ್ನು ಕಿಟಕಿಯಿರುವ ಕೋಣೆಗೆ ಹಾಕಿ, ಅವನ ಲೋಟ ತಟ್ಟೆ ಬೇರೆ ಮಾಡಿ, ಬಾಗಿಲ ಹೊರಗೆ ಗಂಜಿ ಇಟ್ಟು, ಮಾಸ್ಕಿನ ಹಿಂದಿನಿಂದ ಮಾತಾಡಿದಳು.

"ನಲ್ಲಿ ಬಿಟ್ಟು ಸೀನಿದ್ರೆ ಗೊತ್ತಾಗಲ್ಲ ಅಂದ್ಕೊಂಡ್ರಾ? ನಿನ್ನೆ ಬೆಳಗ್ಗೆ ನಲ್ಲೀಲಿ ನೀರೇ ಇರ್ಲಿಲ್ಲ."

ಸಂಜೆ ಬೀದಿ ಖಾಲಿಯಾಯಿತು. ಜನವೆಲ್ಲ ಮೈದಾನಕ್ಕೆ ಹರಿದುಹೋದ ಸದ್ದು ದೂರವಾಯಿತು. ಸ್ವಲ್ಪ ಹೊತ್ತಿಗೆ ಎದುರು ಮನೆಯಿಂದ ಒಂದು ಕೆಮ್ಮು ಕೇಳಿತು. ಮೆಷಿನ್ನಿನ ಶಬ್ದ ಇರಲಿಲ್ಲ. ಮೈಕಣ್ಣ ಶಾಲು ಹೊದ್ದು ಬಾಲ್ಕನಿಗೆ ಬಂದ. ಟೈಲರ್ ಭಾವ ತನ್ನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ. ಮೂಗಿನ ಮೇಲೆ ತಾನೇ ಹೊಲಿದ ಹೂವಿನ ಬಟ್ಟೆಯ ಮಾಸ್ಕು. ಅವನಾಚೆ ತನ್ನ ಮೆಟ್ಟಿಲಲ್ಲಿ ಪೋಸ್ಟ್‌ಮ್ಯಾನು. ತಿರುವಿನ ಮನೆಯ ಮಹಡಿಯಲ್ಲಿ ಬಿಂದಿಗೆ ಬಿಟ್ಟು ಓಡಿದ್ದ ಹೆಂಗಸು. ಮನೆಗೊಬ್ಬರು, ಕಿಟಕಿಗೊಬ್ಬರು. ಇಡೀ ಬೀದಿಯ ಶೀತವೆಲ್ಲ ತನ್ನ ತನ್ನ ಬಾಗಿಲಿಗೆ ಬಂದು ಕೂತಿತ್ತು.

"ಭಾವ, ನೀವೂ ಉಳ್ಕೊಂಡ್ರಾ?"

"ನೀನು ಉಳ್ಕೊಂಡ ಮೇಲೆ ನಾನು ಹೋದ್ರೆ ಚೆನ್ನಾಗಿರತ್ತೇನಪ್ಪಾ? ಅಲ್ಲಿ ನೀನಿಲ್ದೆ ಕೇಳೋಕೆ ತಾನೇ ಏನಿದೆ?"

"ಇಲ್ಲೇ ಹೇಳಿಬಿಡಣ್ಣಾ" ಎಂದು ಮಹಡಿಯ ಹೆಂಗಸು ಕೂಗಿದಳು. "ನಾವೇನು ಜನ ಅಲ್ವಾ?"

ಪೋಸ್ಟ್‌ಮ್ಯಾನು ಎದ್ದು ತನ್ನ ಮನೆಯ ದೀಪ ಆರಿಸಿದ. ಟೈಲರ್ ಆರಿಸಿದ. ಒಂದೊಂದಾಗಿ ಬೀದಿಯ ಕಿಟಕಿಗಳೆಲ್ಲ ಕತ್ತಲಾದವು. ಒಳಗೆ ಮೈಕಣ್ಣನ ಹೆಂಡತಿಯೂ ದೀಪ ಆರಿಸಿ, ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ಕಾದು ನಿಂತಳು.

ಮೈಕಣ್ಣ ಬಾಲ್ಕನಿಯ ಕಂಬಿ ಹಿಡಿದುಕೊಂಡ. ಮೈಕಿರಲಿಲ್ಲ, ಕಂಠವಿರಲಿಲ್ಲ. ಕೂಡಿಟ್ಟ ದೊಡ್ಡ ದೊಡ್ಡ ಮಾತುಗಳೆಲ್ಲ ಜ್ವರದಲ್ಲಿ ಕರಗಿಹೋಗಿದ್ದವು. "ಎಲ್ರೂ ಬಂದಿದೀರಾ?" ಎಂದ. ಕತ್ತಲಿನ ಉದ್ದಕ್ಕೂ ಹೂಂ, ಹೂಂ ಎಂದು ಕೆಮ್ಮಿನ ನಡುವೆ ಉತ್ತರ ಬಂತು. "ಹೂಂ. ಬಂದಿದ್ದು ಸಂತೋಷ. ಅಲ್ಲಲ್ಲ, ಬರದೇ ಇದ್ದದ್ದು ಸಂತೋಷ. ಬೇಗ ಹುಷಾರಾಗಿ. ಇನ್ನು..."

ಅಷ್ಟರಲ್ಲಿ ದೂರದ ಮೈದಾನದಿಂದ, ಮೈಕಣ್ಣನದೇ ಸ್ಪೀಕರಿನಲ್ಲಿ, ಕಾರ್ಯದರ್ಶಿಯ ಧ್ವನಿ ಹಲೋ ಹಲೋ ಎಂದು ಕಿರುಚುತ್ತ ಬೀದಿಯೊಳಕ್ಕೆ ನುಗ್ಗಿತು.

ಟೈಲರ್ ಭಾವ ಸ್ಟೂಲಿನಿಂದ ಎದ್ದು ನಿಂತು, ಮೈದಾನದ ದಿಕ್ಕಿಗೆ ತಿರುಗಿ, ಕೆಮ್ಮುವ ಎದೆಯಿಂದ ಆಗುವಷ್ಟು ಜೋರಾಗಿ ಗದರಿಸಿದ: "ಏಯ್, ಸ್ವಲ್ಪ ಸುಮ್ನಿರ್ರಯ್ಯಾ! ಇಲ್ಲಿ ಉತ್ಸವ ಶುರುವಾಗ್ತಿದೆ!"